ತಾಂಬೂಲ ಬದಲಾಯಿಸುವ ಮುನ್ನ

ನನಗೆ 29 ತುಂಬಿದ ವರ್ಷ ಮನೆಯಲ್ಲಿ ಫೋನ್ ರಿಂಗಾದರೆ ಸಾಕು, ಸಂಬಂಧದ ವಿಷಯವೇ ಇರುತ್ತಿತ್ತು. "ತಂಗಿಗೂ 26 ಆಯ್ತು, ನೀನು ಹೂಂ ಅಂದ್ರೆ ಅವಳದ್ದೂ ನೋಡಬಹುದು" ಅಂತ ಅಮ್ಮ ದಿನಾ ಹೇಳುತ್ತಿದ್ದರು. ಕೊನೆಗೆ ಬಂದ ಒಂದು ಸಂಬಂಧಕ್ಕೆ ಹೂಂ ಅಂದುಬಿಟ್ಟೆ. ಹುಡುಗ ಒಳ್ಳೆಯವರು, ಜಾತಕವೂ ಕೂಡಿತ್ತು. ನಿಶ್ಚಿತಾರ್ಥಕ್ಕೆ ದಿನ ನೋಡುವುದೊಂದೇ ಬಾಕಿ.

ಆದರೆ ಅವರ ಫೋನ್ ಬಂದಾಗಲೆಲ್ಲ ನಾನು ಮೊಬೈಲನ್ನು ಮಗುಚಿ ಇಡುತ್ತಿದ್ದೆ. ನನ್ನ ಓದಿನ ಸಾಲ ಇನ್ನೂ 3 ಲಕ್ಷ ಉಳಿದಿತ್ತು. ತಿಂಗಳಿಗೆ 8 ಸಾವಿರ ಮನೆಗೆ ಕೊಡುತ್ತಿದ್ದೆ, ಮದುವೆಯಾದ ಮೇಲೂ ಕೊಡಲೇಬೇಕಿತ್ತು. ಇದನ್ನು ಹೇಳೋಣ ಅಂತ ಎಷ್ಟು ಸಲ ಬಾಯಿ ತೆರೆದರೂ "ಊಟ ಆಯ್ತಾ?" ಅಂತ ಕೇಳಿ ಮುಗಿಸುತ್ತಿದ್ದೆ. ಮದುವೆ ಆದ್ಮೇಲೆ ಹೇಳಿದ್ರಾಯ್ತು ಅಂತ ಸಮಾಧಾನ ಬೇರೆ.

ಆಗ ನಮ್ಮ ಸೋದರತ್ತೆ ಒಂದು ಪ್ರಶ್ನೆ ಕೇಳಿದರು. "ನಿಮ್ಮಪ್ಪ ಈಗಲೇ ಬಂದು, ಆತುರ ಇಲ್ಲ ಕಣೇ, ಇನ್ನೆರಡು ವರ್ಷ ಬಿಟ್ಟು ನೋಡೋಣ ಅಂದ್ರೆ ನಿಂಗೇನನ್ಸುತ್ತೆ?" ಕೇಳಿದ ಕೂಡಲೇ ಎದೆಯ ಮೇಲಿನ ಭಾರ ಇಳಿದಂತಾಯಿತು. ಉತ್ತರ ಅಲ್ಲೇ ಇತ್ತು. ಮರುದಿನ ನಾನೇ ಫೋನ್ ಮಾಡಿ ಅವರಲ್ಲಿ ಕ್ಷಮೆ ಕೇಳಿದೆ. ಅಮ್ಮ ಹದಿನೈದು ದಿನ ಮಾತು ಬಿಟ್ಟರು.

ಒಂದೂವರೆ ವರ್ಷದ ನಂತರ ಇನ್ನೊಬ್ಬರ ಪರಿಚಯವಾಯಿತು. ಮೂರನೇ ಭೇಟಿಯಲ್ಲೇ ಸಾಲದ ವಿಷಯ ಹೇಳಿಬಿಟ್ಟೆ. ಅವರು ಹೋಟೆಲ್ ಬಿಲ್ಲಿನ ಹಿಂದೆ ತಮ್ಮ ಸಂಬಳ, ಮನೆ ಸಾಲದ ಕಂತು, ಅಪ್ಪನ ಔಷಧಿ ಖರ್ಚು ಬರೆದರು. ಕೆಳಗೆ ನಾನು ನನ್ನದು ಬರೆದೆ. ಎಲ್ಲ ಕಳೆದು, "ಸದ್ಯಕ್ಕೆ ಒಂದು ಬೆಡ್‌ರೂಮಿನ ಮನೆ ಸಾಕು" ಅಂತ ಇಬ್ಬರೂ ನಕ್ಕೆವು.

ಜಗಳವೂ ಆಯಿತು. ನಾನು ಬೆಂಗಳೂರಿನ ಕೆಲಸ ಬಿಟ್ಟು ತುಮಕೂರಿಗೆ ಬರ್ತೀನಿ ಅಂತ, ನನ್ನನ್ನು ಕೇಳದೆ ಅವರು ತಮ್ಮ ತಾಯಿಗೆ ಹೇಳಿದ್ದರು. ಎರಡು ದಿನ ಮಾತಿಲ್ಲ. ಮೂರನೇ ದಿನ ಬಂದು, "ನಿನ್ನ ಕೇಳದೆ ಹೇಳಿದ್ದು ನನ್ನ ತಪ್ಪು, ಅಮ್ಮಂಗೂ ಹೇಳಿದೀನಿ" ಅಂದರು. ಕಾಯಿಲೆಯ ಯಜಮಾನರನ್ನು ಒಬ್ಬರೇ ನೋಡಿಕೊಳ್ಳುವ ಆ ತಾಯಿಯ ಭಯ ನನಗೂ ಅರ್ಥವಾಯಿತು. ವಾರದ ಕೊನೆಗೆ ಇಬ್ಬರೂ ತುಮಕೂರಿಗೆ ಹೋಗೋದು ಅಂತ ತೀರ್ಮಾನಿಸಿದೆವು. ಜಗಳ ಆಡಿಯೂ ಮತ್ತೆ ಕೂತು ಮಾತಾಡಬಲ್ಲೆವು ಅನ್ನೋದು ಜಾತಕದಲ್ಲಿ ಸಿಗುವ ಸಂಗತಿಯಲ್ಲ.

ಹಾಗಂತ ಭಯ ಪೂರ್ತಿ ಹೋಗಿರಲಿಲ್ಲ. ನಿಶ್ಚಿತಾರ್ಥದ ಹಿಂದಿನ ರಾತ್ರಿ ನಿದ್ದೆಯೇ ಬರಲಿಲ್ಲ. ಆದರೆ ಮೊದಲ ಸಲ ಭಯವನ್ನು ಹುಡುಗನಿಂದ ಮುಚ್ಚಿಟ್ಟಿದ್ದೆ, ಈ ಸಲ ಹನ್ನೊಂದು ಗಂಟೆಗೆ ಅವರಿಗೇ ಫೋನ್ ಮಾಡಿ ಹೇಳಿಕೊಂಡೆ. "ನಂಗೂ ಅಷ್ಟೇ" ಅಂದರು. ಅತ್ತೆಯ ಪ್ರಶ್ನೆಯನ್ನು ಮತ್ತೆ ನನಗೆ ನಾನೇ ಕೇಳಿಕೊಂಡೆ. ಇನ್ನೆರಡು ವರ್ಷ ಬಿಟ್ಟು? ಬೇಡಪ್ಪಾ, ನಾಳೆಯೇ ಇರಲಿ ಅನ್ನಿಸಿತು.