ಸರ ಮಾರಿದ ದುಡ್ಡು

ನಮ್ಮ ಅಮ್ಮ ತನ್ನ ಸರ ಮಾರಿದ್ದು 2013ರಲ್ಲಿ. ತಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು. ಅವನ ಮಗಳಿಗಿನ್ನೂ ಆರು ವರ್ಷ. ಬಂದ 80,000 ರೂಪಾಯಿಯನ್ನು ಅಮ್ಮ ಸೆರಗಿನಲ್ಲಿ ಕಟ್ಟಿಕೊಂಡು ಬಂದು, "ಇದು ಕೂಸಿನ ಓದಿಗೆ, ಬೇರೆ ಯಾತಕ್ಕೂ ಮುಟ್ಟಬಾರದು" ಎಂದಳು.

"ನನ್ನ ಹೆಸರಲ್ಲಿ ಇಡೋಣ, ಬೇಕಾದಾಗ ಕೊಡ್ತೀನಿ" ಅಂದ ಅಣ್ಣ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅವನ ಖಾತೆಗೆ ಹೋದ ದುಡ್ಡು ಅವನದೇ ಆಗಿಬಿಡುತ್ತದೆ. ನಾಳೆ ಅವನಿಗೇನಾದರೂ ಆದರೆ ಅದು ಅವನ ಮಕ್ಕಳಿಗೆ ಸೇರುತ್ತದೆ. ಇದನ್ನು ಬಾಯಿಬಿಟ್ಟು ಹೇಳುವುದಾದರೂ ಹೇಗೆ? "ಕೂಸಿನ ಹೆಸರಲ್ಲೇ ಉಳಿತಾಯ ಖಾತೆ ತೆಗೆಯೋಣ" ಎಂದಷ್ಟೇ ಹೇಳಿದೆ. "ಸರಿ, ಗಾರ್ಡಿಯನ್ ನಾನೇ ಆಗ್ತೀನಿ" ಅಂದ.

ಮೂವರೂ ಬ್ಯಾಂಕಿಗೆ ಹೋದೆವು. ಅರ್ಜಿ ನೋಡಿದ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: "ಮಗುವಿನ ತಾಯಿ ಇದ್ದಾರಾ?" ಇದ್ದಾಳೆ ಎಂದು ತಮ್ಮನ ಹೆಂಡತಿಯನ್ನು ಮುಂದೆ ಮಾಡಿದೆ. ಹಿಂದೂ ಅಪ್ರಾಪ್ತರ ಬಗೆಗಿನ 1956ರ ಕಾನೂನಿನಲ್ಲಿ ತಂದೆ ಸಹಜ ಪೋಷಕ, ಅವನ ನಂತರ ತಾಯಿ. ದೊಡ್ಡಪ್ಪ, ಅಜ್ಜಿ, ಅತ್ತೆ ಇವರು ಯಾರೂ ಆ ಸಾಲಿನಲ್ಲಿ ಇಲ್ಲ. ಅವರು ಪೋಷಕರಾಗಬೇಕಾದರೆ ನ್ಯಾಯಾಲಯದ ಆದೇಶ ತರಬೇಕು. ಅಣ್ಣನ ಮುಖ ಸಣ್ಣದಾಯಿತು. ಅದನ್ನು ನಾನು ಹೇಳಬೇಕಾಗಿ ಬರಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ನಿರಾಳ. (ತಂದೆ ಬದುಕಿದ್ದರೂ ತಾಯಿಯನ್ನು ಪೋಷಕಿಯಾಗಿಟ್ಟು ಬ್ಯಾಂಕಿನಲ್ಲಿ ಖಾತೆ ತೆರೆಯಬಹುದು. ನನ್ನ ಎಷ್ಟೋ ಸಹೋದ್ಯೋಗಿಗಳಿಗೇ ಇದು ತಿಳಿದಿಲ್ಲ.)

ಮಗುವಿನ ಜನನ ಪ್ರಮಾಣಪತ್ರ, ಇಬ್ಬರ ಫೋಟೋ, ತಾಯಿಯ ಗುರುತಿನ ಚೀಟಿ ಮತ್ತು ವಿಳಾಸದ ದಾಖಲೆ, ತಮ್ಮನ ಮರಣಪತ್ರ ಇಷ್ಟನ್ನೂ ಕೊಟ್ಟೆವು. ಪಾಸ್‌ಬುಕ್ಕಿನಲ್ಲಿ ಮೊದಲು ಮಗುವಿನ ಹೆಸರು, ಅದರ ಕೆಳಗೆ 'ಪೋಷಕರು' ಎಂದು ತಾಯಿಯ ಹೆಸರು ಬಂತು. 20,000 ಖಾತೆಯಲ್ಲಿ ಬಿಟ್ಟು, 60,000ವನ್ನು ಮಗುವಿನ ಹೆಸರಲ್ಲೇ ನಿಶ್ಚಿತ ಠೇವಣಿ ಮಾಡಿದೆವು. ಅವಧಿ ಮುಗಿದಾಗಲೂ ದುಡ್ಡು ಅದೇ ಖಾತೆಗೆ ಬರಲೆಂದು ಬರೆಸಿದೆವು.

ದುಡ್ಡು ತೆಗೆಯುವಾಗ ಅವಳು ಸಹಿ ಹಾಕಬೇಕಿತ್ತು, ಜೊತೆಗೆ 'ಅಪ್ರಾಪ್ತ ಮಗುವಿನ ಉಪಯೋಗಕ್ಕಾಗಿ' ಎಂದು ಬರೆದುಕೊಡಬೇಕಿತ್ತು. ಈ ಒಂದು ಸಾಲು 2018ರಲ್ಲಿ ನಮ್ಮ ಮನೆಯಲ್ಲಿ ದೊಡ್ಡ ಮಾತಾಯಿತು. ಅಣ್ಣನ ಮನೆಯ ಮಾಡು ಸೋರುತ್ತಿತ್ತು. 30,000 ಕೈಗಡ ಕೇಳಿದ. ಅವಳು ಅಳುತ್ತಾ ನನ್ನ ಹತ್ತಿರ ಬಂದಳು.

"ಅಕ್ಕ, ಭಾವ ಕೇಳಿದ್ದಕ್ಕೆ ಇಲ್ಲ ಅನ್ನೋಕೆ ಬಾಯಿ ಬರಲ್ಲ. ಆದ್ರೆ ಕೂಸಿಗಾಗಿ ಅಂತ ಸುಳ್ಳು ಹೇಗೆ ಬರೀಲಿ?"

ಬರೆದಿದ್ದರೆ ಬ್ಯಾಂಕಿನವರು ದುಡ್ಡು ಕೊಡುತ್ತಿದ್ದರು. ಅದು ಎಲ್ಲಿಗೆ ಹೋಯಿತೆಂದು ಅವರು ಹಿಂದೆ ಬಂದು ನೋಡುವುದಿಲ್ಲ. ಆ ಲೆಕ್ಕ ಪೋಷಕರಿಗೂ ಮಗುವಿಗೂ ನಡುವಿನದು. ಮಗು ಬೆಳೆದ ಮೇಲೆ ಕೇಳಿದರೆ ಪೋಷಕರು ಉತ್ತರ ಕೊಡಬೇಕು. "ಪಾಸ್‌ಬುಕ್ ತೋರಿಸಿ, ಇದು ನನ್ನದಲ್ಲ ಅಂತ ಹೇಳು" ಎಂದೆ. ಹೇಳಿದಳು. ಅಣ್ಣ ಆರು ತಿಂಗಳು ನನ್ನೊಡನೆ ಮಾತು ಬಿಟ್ಟ, ಅವಳೊಡನೆ ಅಲ್ಲ. ಯಾಕೋ ತಿಳಿಯದು.

ಹುಡುಗಿಗೆ ಹತ್ತು ತುಂಬಿದಾಗ ತಾನೇ ನಡೆಸುವ ಖಾತೆ ಬೇಕೆಂದಳು. ಹತ್ತು ತುಂಬಿದವರಿಗೆ ಬ್ಯಾಂಕು ತನ್ನ ಮಿತಿಯೊಳಗೆ ಅದಕ್ಕೆ ಅವಕಾಶ ಕೊಡುತ್ತದೆ. ದೊಡ್ಡ ಮೊತ್ತದ ವಿಷಯವಾದ್ದರಿಂದ ನಾವು ಒಪ್ಪಲಿಲ್ಲ. ಪಾಸ್‌ಬುಕ್ ಬರೆಸಿಕೊಂಡು ಬರುವ ಕೆಲಸ ಮಾತ್ರ ಅವಳದಾಯಿತು.

ನಾವು ತಪ್ಪಿದ್ದು ಕೊನೆಯಲ್ಲಿ. 2025ರ ಮೇ ತಿಂಗಳಲ್ಲಿ ಅವಳಿಗೆ 18 ತುಂಬಿತು. ಜೂನ್‌ನಲ್ಲಿ ಕಾಲೇಜಿನ ಶುಲ್ಕ ಕಟ್ಟಬೇಕೆಂದು ತಾಯಿ ಎಂದಿನಂತೆ ಸಹಿ ಹಾಕಿದ ಚೀಟಿ ಕೊಟ್ಟರೆ ಹಿಂದಿರುಗಿ ಬಂತು. ಹುಡುಗಿ ಪ್ರಾಪ್ತಳಾದ ಮೇಲೆ ತಾಯಿಯ ಸಹಿ ನಡೆಯುವುದಿಲ್ಲ. ಹುಡುಗಿಯ ಸಹಿಯೋ ಬ್ಯಾಂಕಿನ ದಾಖಲೆಯಲ್ಲಿಲ್ಲ. ದುಡ್ಡು ಇದೆ, ತೆಗೆಯುವವರು ಇಲ್ಲ! ಶುಲ್ಕಕ್ಕೆ ನಾಲ್ಕೇ ದಿನ ಉಳಿದಿತ್ತು. ನನ್ನ ಸಂಬಳದಿಂದ ಕೊಟ್ಟು ನಡೆಸಿದೆವು.

ಬ್ಯಾಂಕಿಗೆ ಬೇಕಾಗಿದ್ದದ್ದು ಹೆಚ್ಚೇನಲ್ಲ. ಹುಡುಗಿಯ ಅರ್ಜಿ, ಹೊಸ ಫೋಟೋ, ಆಧಾರ್, ಪ್ಯಾನ್, ಮಾದರಿ ಸಹಿ, ಅಂದಿನವರೆಗೆ ಖಾತೆಯಲ್ಲಿದ್ದ ಮೊತ್ತ ಸರಿಯಿದೆಯೆಂಬ ಒಪ್ಪಿಗೆ. ಪ್ಯಾನ್ ಮಾಡಿಸಿರಲಿಲ್ಲ, ತಡವಾದದ್ದು ಅದರಿಂದಲೇ. ಹುಟ್ಟುಹಬ್ಬಕ್ಕೆ ಮುಂಚೆಯೇ ವಿಚಾರಿಸಿ ಕಾಗದಗಳನ್ನು ಹೊಂದಿಸಿಟ್ಟಿದ್ದರೆ ಒಂದೇ ದಿನದ ಕೆಲಸ.

ಮೊತ್ತ ಒಪ್ಪುವ ಮುನ್ನ ಹುಡುಗಿ ಹಳೆಯ ಪಾಸ್‌ಬುಕ್ಕುಗಳನ್ನೆಲ್ಲ ಹರಡಿಕೊಂಡು ಸಾಲು ಸಾಲಾಗಿ ಓದಿದಳು. ತಾಯಿ ಬಾಗಿಲ ಬಳಿ ಪರೀಕ್ಷೆಗೆ ಬಂದವಳಂತೆ ನಿಂತಿದ್ದಳು. ಶಾಲೆಯ ಶುಲ್ಕ, ಕನ್ನಡಕ, ಎಸ್ಸೆಸ್ಸೆಲ್ಸಿಯ ಟ್ಯೂಷನ್ನು ಎಲ್ಲ ಇತ್ತು.

"ಅಮ್ಮ, ಈ 1,200 ಯಾತಕ್ಕೆ ತೆಗೆದಿದ್ದು?"

"ನಿನ್ನ ಸೈಕಲ್ ರಿಪೇರಿಗೆ ಕಣೇ. ಟೈರ್ ಎರಡೂ ಹೊಸದು ಹಾಕಿಸಿದ್ದು ಮರೆತೆಯಾ?"

ಹುಡುಗಿ ತಲೆಯಾಡಿಸಿ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದಳು. ಹೊಸ ಪಾಸ್‌ಬುಕ್ಕಿನಲ್ಲಿ ಅವಳ ಹೆಸರೊಂದೇ ಇದೆ. ಹಳೆಯದನ್ನು ತಾಯಿ ಅಮ್ಮನ ಸರದ ಖಾಲಿ ಡಬ್ಬಿಯ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾಳೆ.