‘ಯಾಕೆ’ ಬೇಡ, ‘ಎಲ್ಲಿ’ ಅಂತ ಕೇಳು

ಕೊಂಢವಾದ ಬಾಡಿಗೆ ಮನೆಯಲ್ಲಿ ಕೂತು ಆ ಮೇಲ್ ಅನ್ನು ನಾಲ್ಕು ಸಲ ಓದಿದೆ. ಕೋಡಿಂಗ್ ಸುತ್ತಿನ ಫಲಿತಾಂಶ ಬಂದಿತ್ತು. ಧನ್ಯವಾದ, ಮುಂದಿನ ಸುತ್ತಿಗೆ ನಿಮ್ಮನ್ನು ಪರಿಗಣಿಸುತ್ತಿಲ್ಲ, ಶುಭವಾಗಲಿ. ಅಷ್ಟೇ. ಕೆಲಸ ಬಿಟ್ಟು ಮೂರು ತಿಂಗಳಾಗಿತ್ತು, ಇದು ಐದನೇ ಕಂಪನಿ. ಎರಡು ಪ್ರಶ್ನೆಗಳಿಗೆ ತೊಂಬತ್ತು ನಿಮಿಷ ಕೊಟ್ಟಿದ್ದರು. ಎರಡನ್ನೂ ಬರೆದು ಮುಗಿಸಿದ್ದೆ, ಪರದೆಯ ಮೇಲಿದ್ದ ಮಾದರಿ ಪರೀಕ್ಷೆಗಳೆಲ್ಲ ಪಾಸಾಗಿದ್ದವು. ಮತ್ತೆ ಯಾಕೆ?

ಸಿಟ್ಟಿನಲ್ಲೇ ಉತ್ತರ ಬರೆದೆ. ಎಲ್ಲ ಮಾದರಿಗಳೂ ಸರಿಯಾಗಿದ್ದವು, ನನ್ನನ್ನು ಯಾಕೆ ತಿರಸ್ಕರಿಸಿದಿರಿ, ದಯವಿಟ್ಟು ಕೋಡ್ ಇನ್ನೊಮ್ಮೆ ನೋಡಿ ಎಂದು. ಕಳಿಸುವ ಮೊದಲು ಕೆಳಗಿನ ಮಹಡಿಯ ಅಕ್ಕನಿಗೆ ತೋರಿಸಿದೆ. ವಿಜಯಪುರದವರು, ಹತ್ತಾರು ವರ್ಷದಿಂದ ಸಾಫ್ಟ್‌ವೇರ್‌ನಲ್ಲಿದ್ದಾರೆ, ವಾರಕ್ಕೆ ಎರಡು ಇಂಟರ್‌ವ್ಯೂ ತೆಗೆದುಕೊಳ್ಳುತ್ತಾರೆ.

“ತಮ್ಮಾ, ಇದರಾಗ ಕೇಳೂದು ಎಲ್ಲೈತಿ? ಬರೇ ವಾದ ಐತಿ” ಅಂದರು.

ಆಮೇಲೆ ಆ ಕಡೆಯಿಂದ ನನ್ನ ಮೇಲ್ ಹೇಗೆ ಕಾಣುತ್ತದೆ ಎಂದು ಬಿಡಿಸಿ ಹೇಳಿದರು. ಅದನ್ನು ಮೊದಲು ಓದುವುದು ಎಚ್‌ಆರ್. ಬಹಳ ಸಲ ಅವರ ಮುಂದೆ ಇರುವುದು ಅಂಕ ಮಾತ್ರ, ಕೋಡ್ ಅಲ್ಲ. ‘ಯಾಕೆ’ ಎಂದು ಕೇಳಿದರೆ ಅವರು ನಿರ್ಧಾರವನ್ನು ಸಮರ್ಥಿಸಬೇಕಾಗುತ್ತದೆ, ಸಮರ್ಥಿಸಿದರೆ ನೀನು ಮತ್ತೆ ಪ್ರಶ್ನಿಸುತ್ತೀಯ. ಅದಕ್ಕೇ ಸುಮ್ಮನಿರುವುದೇ ಲೇಸು ಅನ್ನಿಸುತ್ತದೆ. ಅದೇ ಪ್ರಶ್ನೆಯನ್ನು ಬೇರೆಯವರಿಗೂ ಕೊಡುತ್ತಾರಾದ್ದರಿಂದ ಪರೀಕ್ಷೆಯ ಇನ್‌ಪುಟ್ ಹೊರಗೆ ಬಿಡುವುದಿಲ್ಲ. “ಯಾಕ ಅನಬ್ಯಾಡ, ಎಲ್ಲಿ ತಪ್ಪಿತು ಅಂತ ಕೇಳು. ಅದೂ ಒಂದೇ ಸಾಲಿನ್ಯಾಗ ಉತ್ತರ ಕೊಡೂವಂಗ ಕೇಳು.”

ಒಂದು ಸಾಲಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ ಯಾವುದು? ಬಚ್ಚಿಟ್ಟ ಪರೀಕ್ಷೆಗಳಲ್ಲಿ ಕೋಡ್ ಸಾಮಾನ್ಯವಾಗಿ ಎರಡು ರೀತಿ ಸೋಲುತ್ತದೆ: ತಪ್ಪು ಉತ್ತರ ಕೊಡುತ್ತದೆ, ಇಲ್ಲವೇ ಸಮಯ ಮೀರುತ್ತದೆ. ಯಾವುದು ಎಂದು ಹೇಳಿದರೆ ಪ್ರಶ್ನೆಯ ಗುಟ್ಟು ಬಯಲಾಗುವುದಿಲ್ಲ, ನನಗೆ ಮಾತ್ರ ದಾರಿ ಸಿಗುತ್ತದೆ. ಮರುದಿನ ಬೆಳಿಗ್ಗೆ ಇಂಗ್ಲಿಷಿನಲ್ಲಿ ಕಳಿಸಿದ್ದರ ಸಾರ ಇಷ್ಟು:

“ತಿಳಿಸಿದ್ದಕ್ಕೆ ಧನ್ಯವಾದ. ನಿರ್ಧಾರವನ್ನು ಒಪ್ಪಿದ್ದೇನೆ, ಮರುಪರಿಶೀಲನೆ ಕೇಳುತ್ತಿಲ್ಲ. ಮುಂದಿನ ತಯಾರಿಗಾಗಿ ಒಂದೇ ಪ್ರಶ್ನೆ: ಎರಡನೇ ಪ್ರೋಗ್ರಾಂ ಸೋತಿದ್ದು ತಪ್ಪು ಉತ್ತರದಿಂದಲೋ, ನಿಧಾನದಿಂದಲೋ? ಹೇಳಲು ಆಗದಿದ್ದರೆ ಪರವಾಗಿಲ್ಲ.”

ಕೋಡ್ ಲಗತ್ತಿಸಲಿಲ್ಲ. ‘ಮಾದರಿಗಳು ಪಾಸಾಗಿದ್ದವು’ ಎಂಬ ಸಾಲನ್ನೂ ತೆಗೆದೆ. ಅದು ನಿಜವೇ, ಆದರೆ ಆ ಜಾಗದಲ್ಲಿ ಅದು ದೂರಿನಂತೆ ಕೇಳಿಸುತ್ತದೆ.

ನಿಧಾನವೇ ಕಾರಣ ಎಂದುಕೊಂಡಿದ್ದ ನಾನು ಅಷ್ಟರಲ್ಲಿ ಅಲ್ಗಾರಿದಮ್ ಪುಸ್ತಕ ತೆರೆದು ಕೂತಿದ್ದೆ. ನಾಲ್ಕನೇ ದಿನ ಉತ್ತರ ಬಂತು: ಸಣ್ಣ ಇನ್‌ಪುಟ್‌ಗೆ ಸರಿ, ದೊಡ್ಡ ಮೌಲ್ಯಗಳಿಗೆ ತಪ್ಪು ಉತ್ತರ, ವೇಗ ಸಮಸ್ಯೆಯಲ್ಲ.

ಪ್ರಶ್ನೆ ನೆನಪಿಸಿಕೊಂಡು ಕೋಡ್ ಮತ್ತೆ ಬರೆದೆ. ದಿನದಿನದ ವ್ಯಾಪಾರದ ಮೊತ್ತಗಳಿವೆ, ಸತತ k ದಿನಗಳ ಅತಿ ದೊಡ್ಡ ಒಟ್ಟು ಹುಡುಕಬೇಕು. ಒಂದು ದಿನದ ಮೊತ್ತ ನೂರು ಕೋಟಿಯವರೆಗೂ ಇರಬಹುದು ಎಂದು ಪ್ರಶ್ನೆಯ ಕೊನೆಯಲ್ಲೇ ಬರೆದಿತ್ತು. ನನ್ನ ಜಾವಾ ಕೋಡ್ ಹೀಗಿತ್ತು:

```java
int sum = 0;
```

ಜಾವಾದ `int` ಹಿಡಿಯುವುದು 2,147,483,647ರವರೆಗೆ, ಅಂದರೆ ಸುಮಾರು 214 ಕೋಟಿ. ಮೂರು ದಿನ ನೂರು ನೂರು ಕೋಟಿ ಕೂಡಿದರೆ ಮುನ್ನೂರು ಕೋಟಿ ಬರಬೇಕು, ಬಂದದ್ದು -1,294,967,296. ಪ್ರೋಗ್ರಾಂ ನಿಲ್ಲುವುದಿಲ್ಲ, ದೋಷವೆಂದು ತೋರಿಸುವುದೂ ಇಲ್ಲ. ಮಾದರಿಯಲ್ಲಿದ್ದ ಮೊತ್ತಗಳು ಹತ್ತು, ಇಪ್ಪತ್ತು, ಐವತ್ತು. ಅಲ್ಲಿ ತಪ್ಪು ಕಾಣುವುದಾದರೂ ಹೇಗೆ? ಒಟ್ಟನ್ನೂ ಉತ್ತರವನ್ನೂ `long` ಮಾಡಿದೆ, ಸರಿಹೋಯಿತು. ಹಿಂದಿನ ಅಭ್ಯಾಸದ ಕೋಡ್‌ಗಳನ್ನು ತೆಗೆದು ನೋಡಿದರೆ ಎಷ್ಟೋ ಕಡೆ ಇದೇ ತಪ್ಪು. ಮೊದಲಿನ ಸಿಟ್ಟಿನ ಮೇಲ್ ಕಳಿಸಿದ್ದರೆ, ನನ್ನ ತಪ್ಪು ಕೋಡನ್ನೇ ಇನ್ನೊಮ್ಮೆ ನೋಡಿ ಎಂದು ಹಟ ಹಿಡಿದಂತಾಗುತ್ತಿತ್ತು!

ಅಕ್ಕ ಇನ್ನೊಂದು ಮಾತೂ ಹೇಳಿದ್ದರು. ಪರೀಕ್ಷೆಯ ನಡುವೆ ಪುಟವೇ ನಿಂತುಹೋದರೆ, ಕೋಡ್ ಸಲ್ಲಿಕೆಯಾಗದಿದ್ದರೆ, ಅದು ಬೇರೆ ವಿಷಯ. ಆಗ ದೂರನ್ನು ದೂರಿನಂತೆಯೇ ಬರೆಯಬೇಕು, ಸಮಯ ಮತ್ತು ಸ್ಕ್ರೀನ್‌ಶಾಟ್ ಸಮೇತ, ಅದೇ ಗಂಟೆಯಲ್ಲಿ. ಫಲಿತಾಂಶ ಬಂದ ಮೇಲೆ ಹೇಳಿದರೆ ನೆಪದಂತೆ ಕಾಣುತ್ತದೆ. ಎರಡನ್ನೂ ಒಂದೇ ಮೇಲ್‌ನಲ್ಲಿ ಬೆರೆಸಬಾರದು.

ಆ ಕೆಲಸ ಸಿಗಲಿಲ್ಲ. ಮುಂದೆ ಇನ್ನೆರಡು ಕಂಪನಿಗಳಿಗೆ ಹೀಗೆಯೇ ಬರೆದೆ, ಒಂದರಿಂದ ಉತ್ತರವೇ ಬರಲಿಲ್ಲ. ಮತ್ತೆ ನೆನಪಿಸಲು ಹೋಗಲಿಲ್ಲ. ಆದರೆ ಈಗ ಪ್ರಶ್ನೆ ತೆರೆದ ಕೂಡಲೇ ಮೊದಲು ಕೊನೆಯ ಸಾಲುಗಳನ್ನು ಓದಿ, ಅತಿ ದೊಡ್ಡ ಮೌಲ್ಯವನ್ನು ಎಣಿಕೆಯಿಂದ ಗುಣಿಸಿ ನೋಡುತ್ತೇನೆ. 214 ಕೋಟಿ ದಾಟಿತೋ, ಕೈ ತಾನಾಗಿ `long` ಎಂದು ಬರೆಯುತ್ತದೆ.