ನಾಲ್ಕು ತಿಂಗಳು ಎಲ್ಲಿ ಹೋಯ್ತು?

ರಾಜೀನಾಮೆ ಕೊಟ್ಟು ನೋಟಿಸ್ ಪಿರಿಯಡ್‌ನಲ್ಲಿದ್ದೆ. ಹದಿನೈದು ದಿನ ಉಳಿದಿತ್ತು. ಆಗ ಸೇರಬೇಕಿದ್ದ ಕಂಪನಿಯ ಎಚ್‌ಆರ್‌ನಿಂದ ಮೇಲ್ ಬಂತು: ‘ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ನಿಮ್ಮ ಮೊದಲ ಕೆಲಸದ ದಿನಾಂಕ ತಾಳೆಯಾಗುತ್ತಿಲ್ಲ. ಎರಡು ದಿನದಲ್ಲಿ ವಿವರಣೆ ಕೊಡಿ.’ ಇತ್ತ ಕೆಲಸ ಬಿಟ್ಟಾಗಿದೆ, ಅತ್ತ ಸೇರೋದೇ ಅನುಮಾನ. ಅವತ್ತು ರಾತ್ರಿ ಊಟ ಸೇರಲಿಲ್ಲ.

ರೆಸ್ಯೂಮೆಯಲ್ಲಿ ನಾನು ಬರೆದದ್ದು ಮಾರ್ಚ್ 2019. ಆ ಮೊದಲ ಕಂಪನಿ ಹೇಳಿದ್ದು 1 ಜುಲೈ 2019. ನಾನೇನೂ ಸುಳ್ಳು ಹೇಳಿರಲಿಲ್ಲ. ಮಾರ್ಚ್ 4ರಿಂದಲೂ ಅದೇ ಆಫೀಸು, ಅದೇ ಸೀಟು. ಆದರೆ ಜೂನ್ ಕೊನೆಯವರೆಗೆ ಸಂಬಳ ಹಾಕಿದ್ದು ಕಾಂಟ್ರ್ಯಾಕ್ಟ್ ಏಜೆನ್ಸಿ. ಪರ್ಮನೆಂಟ್ ಆದದ್ದು ಜುಲೈನಲ್ಲಿ. ವೆರಿಫಿಕೇಶನ್‌ನವರು ನೋಡೋದು ನಾವು ಎಲ್ಲಿ ಕೂತಿದ್ವಿ ಅಂತಲ್ಲ, ಯಾರ ಪೇರೋಲ್‌ನಲ್ಲಿದ್ವಿ ಅಂತ. ಹಳೇ ಕಂಪನಿಗೆ ಬರೆದು ಸೇರಿದ ದಿನ, ಬಿಟ್ಟ ದಿನ, ಹುದ್ದೆ ಕೇಳುತ್ತಾರೆ. ಪಿಎಫ್ ದಾಖಲೆ ಜೊತೆಗೂ ಹೋಲಿಸುತ್ತಾರೆ.

“ಆಫರ್ ಲೆಟರ್ ಪಿಡಿಎಫ್ ತಾನೇ, ದಿನಾಂಕ ತಿದ್ದಿ ಕಳಿಸು ಮಾರಾಯ” ಅಂದ ಗೆಳೆಯ. ಆ ಲೆಟರನ್ನು ಕೊಟ್ಟ ಕಂಪನಿಗೇ ಕಳಿಸಿ ‘ಇದು ನಿಮ್ಮದೇನಾ’ ಅಂತ ಕೇಳಬಹುದು. ದಿನಾಂಕ ತಪ್ಪಿದ್ದರೆ ವಿವರಣೆ ಕೊಡಬಹುದು, ತಿದ್ದಿದ ಕಾಗದಕ್ಕೆ ಏನು ವಿವರಣೆ ಕೊಡೋದು?

ಪಿಎಫ್ ಪೋರ್ಟಲ್‌ನಲ್ಲಿ ‘Service History’ ತೆಗೆದೆ. ಅಲ್ಲಿ ಇನ್ನೊಂದು ಎಡವಟ್ಟು. ಏಜೆನ್ಸಿಯವರು ನಾನು ಬಿಟ್ಟ ದಿನಾಂಕ ಹಾಕಿಯೇ ಇರಲಿಲ್ಲ. ನೋಡಿದವರಿಗೆ ನಾನು ಒಟ್ಟಿಗೆ ಎರಡು ಕಡೆ ಕೆಲಸ ಮಾಡಿದ ಹಾಗೆ ಕಾಣುತ್ತಿತ್ತು. ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ಇದನ್ನು ನಾವೇ ತುಂಬಬಹುದು ಅಂತ ಗೊತ್ತಾಗಿದ್ದೇ ಅವತ್ತು. ‘Manage’ ಒಳಗೆ ‘Mark Exit’ ಇದೆ. ಕೊನೆಯ ಪಿಎಫ್ ಹಣ ಯಾವ ತಿಂಗಳದ್ದೋ ಅದೇ ತಿಂಗಳಿನ ದಿನಾಂಕ ಹಾಕಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಓಟಿಪಿ ಬರುತ್ತದೆ. 30 ಜೂನ್ 2019 ಅಂತ ಹಾಕಿದೆ.

ಎಚ್‌ಆರ್‌ಗೆ ನಾಲ್ಕೇ ಸಾಲು ಬರೆದೆ: ‘4 ಮಾರ್ಚ್‌ನಿಂದ 30 ಜೂನ್ 2019ರವರೆಗೆ ಏಜೆನ್ಸಿ ಪೇರೋಲ್. 1 ಜುಲೈಯಿಂದ ಕಂಪನಿ ಪೇರೋಲ್. ಕೆಲಸದ ಜಾಗ ಒಂದೇ ಆದ್ದರಿಂದ ರೆಸ್ಯೂಮೆಯಲ್ಲಿ ಒಟ್ಟಿಗೆ ಬರೆದಿದ್ದೆ, ಅದು ನನ್ನ ತಪ್ಪು. ಏಜೆನ್ಸಿಯ ಬಿಟ್ಟ ದಿನಾಂಕ ಪಿಎಫ್‌ನಲ್ಲಿ ಖಾಲಿ ಇತ್ತು, ಇವತ್ತು ತುಂಬಿದ್ದೇನೆ.’ ಏಜೆನ್ಸಿಯ ರಿಲೀವಿಂಗ್ ಲೆಟರ್ ತಗೊಂಡಿರಲಿಲ್ಲ. ಅದರ ಬದಲು ಅವರ ಆಫರ್ ಲೆಟರ್, ನಾಲ್ಕು ತಿಂಗಳ ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಪುಟ ಲಗತ್ತಿಸಿದೆ.

ಮೂರನೇ ದಿನ ಉತ್ತರ ಬಂತು: ‘ವಿವರಣೆ ಒಪ್ಪಿದ್ದೇವೆ, ಹೇಳಿದ ದಿನವೇ ಬನ್ನಿ.’ ರೆಸ್ಯೂಮೆಯಲ್ಲಿ ಆ ಒಂದು ಸಾಲು ಈಗ ಎರಡಾಗಿದೆ.